ಒಂದು ಹುಲಿಗೆ ಎಷ್ಟು ಹುಲ್ಲು?

ನಾಗರಹೊಳೆಗೆ ಹೋಗಿ ಬಂದವರು ಹೇಳುವುದು ಹೆಚ್ಚುಕಡಿಮೆ ಒಂದೇ. ಜಿಂಕೆಗಳನ್ನು ನೋಡಿ ನೋಡಿ ಸಾಕಾಯಿತು, ಹುಲಿ ಮಾತ್ರ ಕಾಣಲಿಲ್ಲ. ಹುಲಿ ನಾಚಿಕೆಯ ಪ್ರಾಣಿ, ಅಡಗಿಕೊಂಡು ಬದುಕುವ ಪ್ರಾಣಿ ಎಂಬುದು ನಿಜ. ಆದರೆ ಅದು ಕಾಣದಿರುವುದಕ್ಕೆ ಇನ್ನೂ ಸರಳವಾದ ಕಾರಣವಿದೆ. ಅದು ಇರುವುದೇ ಕಡಿಮೆ. ಇದಕ್ಕೆ ಕಳ್ಳಬೇಟೆಯೊಂದನ್ನೇ ದೂರುವಂತಿಲ್ಲ. ಯಾರೂ ಕೈ ಹಾಕದ, ಎಲ್ಲ ರೀತಿಯಲ್ಲೂ ಸಮೃದ್ಧವಾದ ಕಾಡಿನಲ್ಲೂ ಹುಲಿಗಳ ಸಂಖ್ಯೆ ಒಂದು ಮಿತಿಯನ್ನು ದಾಟುವುದಿಲ್ಲ. ಆ ಮಿತಿಯನ್ನು ಹಾಕುವುದು ಬಿಸಿಲು ಮತ್ತು ಹುಲ್ಲು.

ಶಾಲೆಯ ಪುಸ್ತಕದಲ್ಲಿ ನಾವೆಲ್ಲ ಆಹಾರ ಸರಪಳಿಯನ್ನು ಓದಿದ್ದೇವೆ. ಹುಲ್ಲನ್ನು ಮಿಡತೆ ತಿನ್ನುತ್ತದೆ, ಮಿಡತೆಯನ್ನು ಕಪ್ಪೆ, ಕಪ್ಪೆಯನ್ನು ಹಾವು, ಹಾವನ್ನು ಹದ್ದು. ನಡುವೆ ಬಾಣದ ಗುರುತು. ಪರೀಕ್ಷೆಯಲ್ಲಿ ಬಹಳ ಮಕ್ಕಳು ಈ ಬಾಣವನ್ನು ತಿರುಗಿಸಿ ಬರೆದು ಅಂಕ ಕಳೆದುಕೊಳ್ಳುತ್ತಾರೆ. ಯಾರು ಯಾರನ್ನು ತಿಂದರು ಎಂದು ತೋರಿಸುವುದು ಬಾಣದ ಕೆಲಸವಲ್ಲ, ಶಕ್ತಿ ಯಾವ ಕಡೆ ಹೋಯಿತು ಎಂದು ತೋರಿಸುವುದು. ಆದ್ದರಿಂದ ಅದು ತಿನ್ನಿಸಿಕೊಂಡವರಿಂದ ತಿಂದವರ ಕಡೆಗೆ ಹೋಗುತ್ತದೆ. ಆದರೆ ಪುಸ್ತಕದ ಚಿತ್ರದಲ್ಲಿ ಎಲ್ಲ ಬಾಣಗಳೂ ಒಂದೇ ದಪ್ಪ. ನಿಜವಾದ ಕಾಡಿನಲ್ಲಿ ಒಂದು ಬಾಣಕ್ಕಿಂತ ಮುಂದಿನ ಬಾಣ ಎಷ್ಟು ತೆಳುವಾಗುತ್ತದೆ ಎಂಬುದೇ ಮುಖ್ಯ. ನಾಗರಹೊಳೆಯ ಹತ್ತು ಚದರ ಕಿಲೋಮೀಟರ್ ಕಾಡನ್ನು ಇಟ್ಟುಕೊಂಡು ಆ ಲೆಕ್ಕ ಮಾಡಿ ನೋಡೋಣ.

ಲೆಕ್ಕ ಬಿಸಿಲಿನಿಂದ ಶುರುವಾಗಬೇಕು. ನಮ್ಮ ಸೀಮೆಯಲ್ಲಿ ಒಂದು ಚದರ ಮೀಟರ್ ನೆಲದ ಮೇಲೆ ದಿನಕ್ಕೆ ಸರಾಸರಿ ಐದು ಯೂನಿಟ್ ಕರೆಂಟಿನಷ್ಟು ಬಿಸಿಲು ಬೀಳುತ್ತದೆ. ಆಹಾರದ ಲೆಕ್ಕದಲ್ಲಿ ಅದು ನಾಲ್ಕು ಸಾವಿರ ಕಿಲೋಕ್ಯಾಲರಿಗೂ ಹೆಚ್ಚು, ಅಂದರೆ ಇಬ್ಬರು ಮನುಷ್ಯರ ಒಂದು ದಿನದ ಊಟದಷ್ಟು. ಗಿಡಮರಗಳು ಇದರಲ್ಲಿ ಹಿಡಿದಿಟ್ಟುಕೊಳ್ಳುವುದು ನೂರರಲ್ಲಿ ಒಂದು ಪಾಲು, ಕೆಲವೆಡೆ ಅದಕ್ಕಿಂತಲೂ ಕಡಿಮೆ. ಬಿಸಿಲಿನ ಅರ್ಧ ಭಾಗ ಎಲೆಗಳಿಗೆ ಬಳಸಲು ಬಾರದ ಕಿರಣಗಳಿಂದಲೇ ಆಗಿದೆ. ಉಳಿದುದರಲ್ಲೂ ಸ್ವಲ್ಪ ಎಲೆಯ ಮೇಲಿಂದ ಪ್ರತಿಫಲಿಸಿ ಹೋಗುತ್ತದೆ, ಸ್ವಲ್ಪ ಎಲೆಯನ್ನು ಬಿಸಿ ಮಾಡಿ ನೀರನ್ನು ಆವಿಯಾಗಿಸುತ್ತದೆ. ಹಿಡಿದಿಟ್ಟ ಆ ಒಂದು ಪಾಲಿನಲ್ಲೂ ಸುಮಾರು ಅರ್ಧ ಗಿಡದ ಸ್ವಂತ ಉಸಿರಾಟಕ್ಕೆ ಖರ್ಚಾಗುತ್ತದೆ. ಗಿಡವೂ ಉಸಿರಾಡುತ್ತದೆ, ತಾನು ಮಾಡಿದ ಸಕ್ಕರೆಯನ್ನು ತಾನೇ ಸುಡುತ್ತದೆ ಎಂಬುದು ಇಂಥ ಲೆಕ್ಕದಲ್ಲಿ ಸುಲಭವಾಗಿ ಮರೆತುಹೋಗುತ್ತದೆ.

ಎಲ್ಲ ಕಳೆದು ಉಳಿಯುವುದು ಬೇರು, ಕಾಂಡ, ಎಲೆ, ಕಾಯಿಗಳಾಗಿ ಬೆಳೆಯುತ್ತದೆ. ನಾಗರಹೊಳೆಯಂಥ ಎಲೆಯುದುರುವ ಕಾಡಿನಲ್ಲಿ ಚದರ ಮೀಟರಿಗೆ ವರ್ಷಕ್ಕೆ ಒಂದು ಕಿಲೋ ಒಣಪದಾರ್ಥ ಎಂದು ಇಟ್ಟುಕೊಂಡರೆ ಉದಾರವಾದ ಲೆಕ್ಕವೇನಲ್ಲ. ನಮ್ಮ ಹತ್ತು ಚದರ ಕಿಲೋಮೀಟರಿಗೆ ಅದು ಹತ್ತು ಸಾವಿರ ಟನ್ ಆಗುತ್ತದೆ. ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ.

ಈಗ ಹುಲಿಯ ಕಡೆಯಿಂದ ಬರೋಣ. ನಾಗರಹೊಳೆಯಲ್ಲಿ 1980ರ ದಶಕದಿಂದ ಹುಲಿಗಳ ಅಧ್ಯಯನ ನಡೆಸಿದ ಉಲ್ಲಾಸ ಕಾರಂತರ ಕೆಲಸದಿಂದ ನಮಗೆ ಸಿಕ್ಕ ಬಹು ಮುಖ್ಯವಾದ ತಿಳುವಳಿಕೆ ಇದು: ಒಂದು ಹುಲಿ ವರ್ಷಕ್ಕೆ ಸುಮಾರು 50 ಗೊರಸಿನ ಪ್ರಾಣಿಗಳನ್ನು ಕೊಲ್ಲುತ್ತದೆ, ಎಂದರೆ ವಾರಕ್ಕೊಂದು. ಆದರೆ ಕಾಡಿನಲ್ಲಿ 50 ಪ್ರಾಣಿಗಳಿದ್ದರೆ ಸಾಲದು. ಅವನ್ನು ತಿಂದು ಮುಗಿಸಿದರೆ ಮುಂದಿನ ವರ್ಷ ಹುಲಿಗೆ ಏನೂ ಇರುವುದಿಲ್ಲ. ಬಲಿಪ್ರಾಣಿಗಳ ಒಟ್ಟು ಸಂಖ್ಯೆಯಲ್ಲಿ ನೂರಕ್ಕೆ ಹತ್ತರಷ್ಟು ಮಾತ್ರ ವರ್ಷಕ್ಕೆ ಹುಲಿಯ ಪಾಲಿಗೆ ಬರುತ್ತದೆ. ಹಿಂಡು ಅಸಲು, ಪ್ರತಿವರ್ಷ ಹುಟ್ಟಿ ಬೆಳೆಯುವ ಮರಿಗಳು ಬಡ್ಡಿ. ಹುಲಿ ಬದುಕಬೇಕಾದದ್ದು ಬಡ್ಡಿಯ ಒಂದು ಭಾಗದ ಮೇಲೆ. ಹಾಗಾಗಿ ಒಂದು ಹುಲಿಯ ಹಿಂದೆ ಸುಮಾರು 500 ಪ್ರಾಣಿಗಳ ಹಿಂಡು ಇರಬೇಕು. ಒಳ್ಳೆಯ ರಕ್ಷಣೆ ಸಿಕ್ಕ ನಾಗರಹೊಳೆಯಲ್ಲಿ ಚದರ ಕಿಲೋಮೀಟರಿಗೆ ಐವತ್ತರ ಆಸುಪಾಸು ಇಂಥ ಪ್ರಾಣಿಗಳಿರುವುದರಿಂದ ಹತ್ತು ಚದರ ಕಿಲೋಮೀಟರಿಗೆ ಒಂದು ಹುಲಿ ಎಂಬ ಲೆಕ್ಕ ಕೂಡಿಬರುತ್ತದೆ.

ಲೆಕ್ಕ ಸರಳವಾಗಲಿ ಎಂದು ಆ 500 ಪ್ರಾಣಿಗಳೆಲ್ಲ ಜಿಂಕೆಗಳೇ ಎಂದುಕೊಳ್ಳೋಣ. ಐವತ್ತು ಕಿಲೋ ತೂಗುವ ಜಿಂಕೆ ದಿನಕ್ಕೆ, ನೀರಿನಂಶ ತೆಗೆದು ಹೇಳುವುದಾದರೆ, ಒಂದೂಕಾಲು ಕಿಲೋ ಹುಲ್ಲು ಸೊಪ್ಪು ತಿನ್ನುತ್ತದೆ. ವರ್ಷಕ್ಕೆ 450 ಕಿಲೋ. ಐನೂರು ಜಿಂಕೆಗಳಿಗೆ 225 ಟನ್. ಅವುಗಳಲ್ಲಿ ಹುಲಿಗೆ ಸಿಕ್ಕ ಐವತ್ತು ಜಿಂಕೆಗಳ ತೂಕ ಎರಡೂವರೆ ಟನ್. ಮೈಯಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಪಾಲು ನೀರೇ ಇರುವುದರಿಂದ ಒಣ ಲೆಕ್ಕದಲ್ಲಿ ಅದು ಮುಕ್ಕಾಲು ಟನ್ನಿನ ಹತ್ತಿರ ನಿಲ್ಲುತ್ತದೆ.

ಹತ್ತು ಸಾವಿರ ಟನ್ ಕಾಡು ಬೆಳೆಯಿತು, ಜಿಂಕೆಗಳ ಬಾಯಿಗೆ ಹೋದದ್ದು 225 ಟನ್, ಹುಲಿಗೆ ಸಿಕ್ಕಿದ್ದು ಮುಕ್ಕಾಲು ಟನ್.

ಇಲ್ಲಿ ಪರಿಸರ ವಿಜ್ಞಾನದ ವಿದ್ಯಾರ್ಥಿಗಳು ಒಂದು ಪ್ರಶ್ನೆ ಕೇಳಬೇಕು. ಪುಸ್ತಕದಲ್ಲಿ ಒಂದು ಹಂತದಿಂದ ಮುಂದಿನ ಹಂತಕ್ಕೆ ಹತ್ತು ಪ್ರತಿಶತ ಶಕ್ತಿ ದಾಟುತ್ತದೆ ಎಂದಿದೆ. ನಮ್ಮ ಲೆಕ್ಕದಲ್ಲಿ ಹುಲ್ಲಿನಿಂದ ಹುಲಿಗೆ ದಾಟಿದ್ದು ಮುನ್ನೂರರಲ್ಲಿ ಒಂದು ಪಾಲು ಮಾತ್ರ. ಲೆಕ್ಕ ತಪ್ಪಿದೆಯೇ?

ಇಲ್ಲ. ಹತ್ತರ ನಿಯಮದ ಮೂಲದಲ್ಲಿರುವುದು ನೀರು. ರೇಮಂಡ್ ಲಿಂಡೆಮನ್ ಎಂಬ ತರುಣ ಅಮೆರಿಕದ ಮಿನ್ನೆಸೋಟದ ಸೀಡರ್ ಬಾಗ್ ಎಂಬ ಸಣ್ಣ ಕೆರೆಯಲ್ಲಿ ಪಾಚಿ, ಹುಳು, ಮೀನುಗಳ ನಡುವೆ ಶಕ್ತಿ ಹೇಗೆ ಹರಿಯುತ್ತದೆ ಎಂದು ಲೆಕ್ಕ ಹಾಕಿದ. ಆ ಪ್ರಬಂಧ 1942ರಲ್ಲಿ ಅಚ್ಚಾಯಿತು. ಅಚ್ಚಾದದ್ದನ್ನು ನೋಡಲು ಅವನು ಉಳಿದಿರಲಿಲ್ಲ. ಅದೇ ವರ್ಷ 27ನೇ ವಯಸ್ಸಿಗೆ ತೀರಿಕೊಂಡಿದ್ದ. ಅವನ ಕೆರೆಯಲ್ಲೂ ಹಂತದಿಂದ ಹಂತಕ್ಕೆ ಪ್ರಮಾಣ ಬದಲಾಗುತ್ತಿತ್ತು. ಹತ್ತು ಎಂಬ ದುಂಡು ಸಂಖ್ಯೆ ಮುಂದೆ ಪಾಠಗಳಲ್ಲಿ ನೆಲೆಯೂರಿತು. ಅದು ಕಣ್ಣಂದಾಜಿನ ಸರಾಸರಿಯೇ ಹೊರತು ಪ್ರಕೃತಿಯ ಕಟ್ಟಳೆಯಲ್ಲ.

ಮೀನು, ಹುಳು, ಕಪ್ಪೆಗಳು ತಣ್ಣನೆಯ ರಕ್ತದವು. ಮೈ ಬೆಚ್ಚಗಿಡಲು ಅವು ಆಹಾರ ಸುಡುವುದಿಲ್ಲ, ಆದ್ದರಿಂದ ತಿಂದದ್ದರಲ್ಲಿ ಹೆಚ್ಚು ಪಾಲು ಮೈಯಾಗುತ್ತದೆ. ಜಿಂಕೆಗೆ ಆ ಸೌಲಭ್ಯವಿಲ್ಲ. ಜನವರಿಯ ಚಳಿಯ ರಾತ್ರಿಯಲ್ಲೂ ಅದರ ಮೈ ನಮ್ಮದಕ್ಕಿಂತ ಬೆಚ್ಚಗಿರಬೇಕು. ತಿಂದ 225 ಟನ್ನಿನಲ್ಲಿ ಸುಮಾರು ಅರ್ಧ ಜೀರ್ಣವಾಗದೆ ಹಿಕ್ಕೆಯಾಗಿ ಹೊರಬೀಳುತ್ತದೆ. ಜೀರ್ಣವಾದ ಭಾಗದಲ್ಲಿ ಬಹುಪಾಲು ನಡೆದಾಟ, ಓಡಾಟ, ಮೆಲುಕು, ಮೈಬಿಸಿಗಳಲ್ಲಿ ಸುಟ್ಟುಹೋಗುತ್ತದೆ. ಬಿಸಿರಕ್ತದ ಪ್ರಾಣಿಗಳಲ್ಲಿ ಜೀರ್ಣಿಸಿಕೊಂಡದ್ದರಲ್ಲಿ ಹೊಸ ಮಾಂಸವಾಗಿ ಉಳಿಯುವುದು ನೂರಕ್ಕೆ ಒಂದರಿಂದ ಮೂರು ಮಾತ್ರ. ಆ ಹೊಸ ಮಾಂಸವೂ ಎಲ್ಲ ಹುಲಿಗೇ ಸಿಕ್ಕುವುದಿಲ್ಲ, ಚಿರತೆ ಮತ್ತು ಸೀಳುನಾಯಿಗಳು ಪಾಲು ಕೇಳುತ್ತವೆ, ರೋಗವೂ ಕೇಳುತ್ತದೆ.

ಹುಲಿಯನ್ನು ಹಿಡಿದು ತಿನ್ನುವ ಪ್ರಾಣಿ ಯಾಕಿಲ್ಲ ಎಂಬುದಕ್ಕೂ ಉತ್ತರ ಇದರಲ್ಲೇ ಇದೆ. ಅಂಥದ್ದೊಂದು ಇದೆ, ಅದಕ್ಕೂ ವರ್ಷಕ್ಕೆ 50 ಹುಲಿ ಬೇಕು, ಹುಲಿಗಳಲ್ಲಿ ಹತ್ತಕ್ಕೊಂದನ್ನು ತಿಂದರೆ ಸಂತತಿ ಉಳಿಯುತ್ತದೆ ಎಂದುಕೊಳ್ಳಿ. ಆ ಒಂದೇ ಪ್ರಾಣಿಗೆ 500 ಹುಲಿಗಳ ಕಾಡು ಬೇಕಾಗುತ್ತದೆ, ಅಂದರೆ 5,000 ಚದರ ಕಿಲೋಮೀಟರ್. ನಾಗರಹೊಳೆ, ಬಂಡೀಪುರ, ಮುದುಮಲೈ, ವಯನಾಡು ನಾಲ್ಕನ್ನೂ ಕೂಡಿಸಿದರೂ ಅಷ್ಟಾಗುವುದಿಲ್ಲ. ಅದಕ್ಕೆ ಸಂಗಾತಿ ಬೇಕೆಂದರೆ ಇನ್ನಷ್ಟು. ಸರಪಳಿ ನಾಲ್ಕೈದು ಕೊಂಡಿಗಳಲ್ಲೇ ನಿಂತುಹೋಗುವುದು ಹೀಗೆ.

ಹತ್ತು ಸಾವಿರ ಟನ್ನಿನಲ್ಲಿ 225 ಟನ್ ಜಿಂಕೆಗಳಿಗೆ ಹೋಯಿತು ಎಂದೆ. ಉಳಿದದ್ದು ಎಲ್ಲಿ? ಕಾಟಿ, ಕಡವೆ, ಆನೆಗಳ ಹೊಟ್ಟೆ ದೊಡ್ಡದು, ಅವನ್ನೂ ಸೇರಿಸಿದರೆ ಸಂಖ್ಯೆ ಒಂದಿಷ್ಟು ಏರುತ್ತದೆ. ಆದರೂ ಬಹುಪಾಲು ಹಾಗೇ ಉಳಿಯುತ್ತದೆ. ಒಂದು ಭಾಗ ತೇಗ, ಮತ್ತಿ, ನಂದಿ ಮರಗಳ ಕಾಂಡದಲ್ಲಿ ಕೂತಿದೆ. ಇನ್ನೊಂದು ಭಾಗ ಮರದ ನೆತ್ತಿಯಲ್ಲಿದೆ, ಜಿಂಕೆಯ ಕತ್ತು ಅಲ್ಲಿಗೆ ಎಟುಕುವುದಿಲ್ಲ. ಬೇಸಿಗೆ ಬಂದಾಗ ಅದೆಲ್ಲ ತರಗೆಲೆಯಾಗಿ ಉದುರುತ್ತದೆ.

ಆಹಾರ ಜಾಲ ಎಂಬ ಮಾತಿಗೆ ಅರ್ಥ ಬರುವುದು ಇಲ್ಲಿ. ಒಂದು ಕಾಡಿನಲ್ಲಿ ಎರಡು ದಾರಿಗಳಿವೆ. ಒಂದು ಹಸಿರೆಲೆಯಿಂದ ಹೊರಟು ಜಿಂಕೆಯ ಮೂಲಕ ಹುಲಿಗೆ ಹೋಗುವ ದಾರಿ, ಫೋಟೋಗಳಲ್ಲಿ ನಾವು ಕಾಣುವುದು ಇದನ್ನೇ. ಇನ್ನೊಂದು ಸತ್ತ ಎಲೆ, ಸೆಗಣಿ, ಕೊಳೆತ ಮರದಿಂದ ಹೊರಟು ಅಣಬೆ, ಗೆದ್ದಲು, ಹುಳುಗಳ ಮೂಲಕ ಹೋಗುವ ದಾರಿ. ಕಾಡಿನ ಶಕ್ತಿಯಲ್ಲಿ ಹೆಚ್ಚು ಹರಿಯುವುದು ಈ ಎರಡನೆಯ ದಾರಿಯಲ್ಲಿ. ಮಳೆಗಾಲದಲ್ಲಿ ಆಗತಾನೇ ಬಿದ್ದ ಕಾಟಿಯ ಸೆಗಣಿಯ ಪಕ್ಕ ಕೂತು ನೋಡಿ. ಸ್ವಲ್ಪ ಹೊತ್ತಿನಲ್ಲೇ ಸೆಗಣಿ ಹುಳುಗಳು ಹಾರಿ ಬಂದು ಇಳಿಯುತ್ತವೆ. ಕೆಲವು ಅದರೊಳಗೇ ನುಗ್ಗುತ್ತವೆ, ಕೆಲವು ಕೆಳಗಿನ ಮಣ್ಣಿನಲ್ಲಿ ಸುರಂಗ ತೋಡಿ ಸೆಗಣಿಯನ್ನು ಒಳಗೆಳೆಯುತ್ತವೆ, ಇನ್ನು ಕೆಲವು ಒಂದು ತುಂಡನ್ನು ಉಂಡೆ ಕಟ್ಟಿ ತಲೆ ಕೆಳಗಾಗಿ ನಿಂತು ಹಿಂಗಾಲಿನಿಂದ ಉರುಳಿಸಿಕೊಂಡು ಹೋಗುತ್ತವೆ. ಆ ಉಂಡೆಯಲ್ಲಿ ಮೊಟ್ಟೆ ಇಟ್ಟು ಹೂಳಿದರೆ ಮರಿಗೆ ಅದೇ ಊಟ. ಕಾಟಿಗೆ ಜೀರ್ಣವಾಗದೆ ಹೋದ ಹುಲ್ಲು ಹೀಗೆ ಹುಳುವಾಗುತ್ತದೆ, ಹುಳು ಹಕ್ಕಿಯ ಬಾಯಿಗೆ ಬೀಳುತ್ತದೆ. ಗೆದ್ದಲಿನ ಹುತ್ತವನ್ನು ಬಗೆದು ಬಾಯಿಂದ ಹೀರಿ ತಿನ್ನುವ ಕರಡಿ ಇದೇ ದಾರಿಯ ಕೊನೆಯಲ್ಲಿ ನಿಂತಿದೆ. ನೂರು ಕಿಲೋ ತೂಗುವ ಪ್ರಾಣಿ ಇರುವೆ ಗೆದ್ದಲು ತಿಂದು ಬದುಕಬಲ್ಲದು ಎಂದರೆ ತರಗೆಲೆಯಲ್ಲಿ ಎಷ್ಟು ಶಕ್ತಿ ಇದೆ ಎಂದು ಯೋಚಿಸಿ. ವರ್ಷವಿಡೀ ಅದು ಗೆದ್ದಲನ್ನೇ ನಂಬುವುದಿಲ್ಲ ಎನ್ನಿ, ಹಣ್ಣಿನ ಕಾಲದಲ್ಲಿ ಹಣ್ಣು, ಸಿಕ್ಕರೆ ಜೇನು.

ಮರದ ನೆತ್ತಿಯ ಎಲೆ ಜಿಂಕೆಗೆ ಸಿಗಲು ಒಂದು ಅಡ್ಡದಾರಿಯೂ ಇದೆ. ಬಂಡೀಪುರ, ನಾಗರಹೊಳೆಗಳಲ್ಲಿ ಮುಸುವಗಳು ಕೂತ ಮರದ ಕೆಳಗೆ ಜಿಂಕೆಗಳು ನಿಂತಿರುವುದನ್ನು ನೋಡಬಹುದು. ಮುಸುವ ತಿನ್ನುವುದಕ್ಕಿಂತ ಹೆಚ್ಚು ಕಿತ್ತು ಬಿಸಾಡುತ್ತದೆ. ಅರ್ಧ ಕಚ್ಚಿದ ಕಾಯಿ, ಚಿಗುರು, ಹೂವು ಕೆಳಗೆ ಬೀಳುತ್ತವೆ. ಹುಲ್ಲೆಲ್ಲ ಒಣಗಿ ಸಪ್ಪೆಯಾದ ಬೇಸಿಗೆಯ ತಿಂಗಳುಗಳಲ್ಲಿ ಜಿಂಕೆಗೆ ಇದು ಸಣ್ಣ ಸಹಾಯವಲ್ಲ. ಆನೆ ಕೊಂಬೆ ಮುರಿದು ಹೋದ ಮೇಲೂ ಹೀಗೇ ಆಗುತ್ತದೆ. ಸರಪಳಿಯ ಚಿತ್ರದಲ್ಲಿ ಮುಸುವಕ್ಕೂ ಜಿಂಕೆಗೂ ನಡುವೆ ಯಾವ ಬಾಣವೂ ಇಲ್ಲ, ಆದರೆ ಶಕ್ತಿ ಆ ದಾರಿಯಲ್ಲೂ ಇಳಿಯುತ್ತದೆ.

ಜಾಲದ ಮೇಲ್ತುದಿಯಲ್ಲಿ ಯಾರು ಯಾರನ್ನು ತಿಂದರು ಎಂದು ತಿಳಿಯುವುದು ಮಲದಿಂದ. ಹುಲಿಯ ಮಲದಲ್ಲಿ ಜೀರ್ಣವಾಗದ ಕೂದಲು, ಗೊರಸಿನ ಚೂರು, ಮೂಳೆಯ ತುಣುಕು ಇರುತ್ತವೆ. ಅದನ್ನು ಜರಡಿಯಲ್ಲಿ ತೊಳೆದು, ಒಣಗಿಸಿ, ಕೂದಲನ್ನು ಸೂಕ್ಷ್ಮದರ್ಶಕದಲ್ಲಿಟ್ಟರೆ ಒಳತಿರುಳಿನ ವಿನ್ಯಾಸ ಕಾಣುತ್ತದೆ. ಕಡವೆಯದು ಒಂದು ಬಗೆ, ಹಂದಿಯದು ಇನ್ನೊಂದು ಬಗೆ. ಮೊದಲೇ ಮಾಡಿಟ್ಟ ಮಾದರಿಗಳ ಜೊತೆ ಹೋಲಿಸಿ ಗುರುತು ಹಿಡಿಯುತ್ತಾರೆ. ಇದರಲ್ಲಿ ಎಚ್ಚರ ತಪ್ಪುವ ಜಾಗವೊಂದಿದೆ. ಸಣ್ಣ ಪ್ರಾಣಿಯಲ್ಲಿ ಮಾಂಸದ ಪ್ರಮಾಣಕ್ಕೆ ಹೋಲಿಸಿದರೆ ಕೂದಲು ಹೆಚ್ಚು, ಹಾಗಾಗಿ ಬರೀ ಮಲಗಳನ್ನು ಎಣಿಸಿದರೆ ಹುಲಿ ಸಣ್ಣ ಪ್ರಾಣಿಗಳನ್ನೇ ಹೆಚ್ಚು ತಿನ್ನುತ್ತದೆ ಎಂಬ ತಪ್ಪು ತೀರ್ಮಾನಕ್ಕೆ ಬರುತ್ತೇವೆ. ಅದನ್ನು ತಿದ್ದಿ ಲೆಕ್ಕ ಹಾಕಬೇಕು. ಹಾಗೆ ತಿದ್ದಿ ನೋಡಿದಾಗ ನಾಗರಹೊಳೆಯ ಹುಲಿ ಕಾಟಿ, ಕಡವೆಯಂಥ ದೊಡ್ಡ ಪ್ರಾಣಿಗಳತ್ತ ವಾಲುತ್ತದೆ, ಚಿರತೆ ಮತ್ತು ಸೀಳುನಾಯಿಗಳು ಜಿಂಕೆಯತ್ತ ವಾಲುತ್ತವೆ ಎಂದು ಕಂಡುಬಂತು. ಒಂದೇ ಕಾಡಿನಲ್ಲಿ ಮೂರು ಬೇಟೆಗಾರರು ಬದುಕಿರುವುದಕ್ಕೆ ಇದೂ ಒಂದು ಕಾರಣ. ದೊಡ್ಡ ಪ್ರಾಣಿಗಳನ್ನು ಕಳ್ಳಬೇಟೆ ಮುಗಿಸಿದರೆ ಮೂವರೂ ಜಿಂಕೆಯ ಮೇಲೇ ಬೀಳಬೇಕಾಗುತ್ತದೆ. ಹುಲಿಯ ಮಲದಲ್ಲಿ ಸಣ್ಣ ಪ್ರಾಣಿಗಳ, ಊರ ದನಗಳ ಕೂದಲು ಹೆಚ್ಚತೊಡಗಿದರೆ ಕಾಡಿನ ಒಳಗೆ ಏನೋ ಕಡಿಮೆಯಾಗಿದೆ ಎಂದು ಅನುಮಾನಿಸಬೇಕು.

ಈ ಲೆಕ್ಕದ ಹಿನ್ನೆಲೆಯಲ್ಲಿ ಲಂಟಾನದ ಕಥೆಯನ್ನು ನೋಡಬೇಕು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಂದಕ್ಕೆಂದು ಈ ದೇಶಕ್ಕೆ ತಂದ ದಕ್ಷಿಣ ಅಮೆರಿಕದ ಪೊದೆ ಇದು. ಇವತ್ತು ಬಂಡೀಪುರದ ರಸ್ತೆಯ ಎರಡೂ ಬದಿಯಲ್ಲಿ ಗೋಡೆಯಂತೆ ನಿಂತಿದೆ. ಬಿಳಿಗಿರಿರಂಗನ ಬೆಟ್ಟದಲ್ಲಿ 1997ರಿಂದ 2008ರ ನಡುವೆ ಅದು ಹರಡಿದ ಜಾಗ ಸುಮಾರು ಎರಡು ಪಟ್ಟಾಯಿತು ಎಂದು ಸಂಶೋಧಕರು ಅಳೆದು ತೋರಿಸಿದ್ದಾರೆ. ಉಪಗ್ರಹದ ಚಿತ್ರದಲ್ಲಿ ಲಂಟಾನ ಬೆಳೆದ ಕಾಡೂ ಹಚ್ಚಗೇ ಕಾಣುತ್ತದೆ. ಅದು ಬಿಸಿಲನ್ನೂ ಹಿಡಿಯುತ್ತದೆ, ಟನ್ನುಗಟ್ಟಲೆ ಎಲೆಯನ್ನೂ ಬೆಳೆಯುತ್ತದೆ. ಆದರೆ ಆ ಎಲೆಯಲ್ಲಿ ಯಕೃತ್ತನ್ನು ಹಾಳು ಮಾಡುವ ವಿಷವಿದೆ, ಜಿಂಕೆ ಅದಕ್ಕೆ ಬಾಯಿ ಹಾಕುವುದಿಲ್ಲ. ಅದರ ನೆರಳಿನಲ್ಲಿ ಹುಲ್ಲು ಏಳುವುದಿಲ್ಲ. ಪಿಕಳಾರಗಳು ಹಣ್ಣು ತಿನ್ನುತ್ತವೆ, ಚಿಟ್ಟೆಗಳು ಮಕರಂದ ಹೀರುತ್ತವೆ, ಉದುರಿದ ಎಲೆ ಕೊಳೆಯುತ್ತದೆ. ಶಕ್ತಿ ಆ ಕಡೆಗೆ ಹರಿಯುತ್ತದೆ, ಗೊರಸಿನ ಪ್ರಾಣಿಗಳ ಕಡೆಗೆ ಹರಿಯುವುದಿಲ್ಲ. ಹತ್ತು ಸಾವಿರ ಟನ್ ಹತ್ತು ಸಾವಿರ ಟನ್ನಾಗಿಯೇ ಉಳಿದು, 225 ಟನ್ನಿನ ಬಾಣ ಮಾತ್ರ ಸೊರಗುತ್ತದೆ. ಹಸಿರು ಎಷ್ಟಿದೆ ಎಂದು ಅಳೆದು ಕಾಡು ಚೆನ್ನಾಗಿದೆ ಎನ್ನುವವರು ಇದನ್ನು ಕಾಣುವುದಿಲ್ಲ.

ಬೆಟ್ಟದ ಸೋಲಿಗರು ಇದನ್ನು ಬಹಳ ಹಿಂದಿನಿಂದ ಹೇಳುತ್ತ ಬಂದಿದ್ದಾರೆ. ಬೇಸಿಗೆಯ ಆರಂಭದಲ್ಲಿ, ತರಗು ಇನ್ನೂ ತೆಳುವಾಗಿರುವಾಗ ನೆಲದ ಮೇಲಷ್ಟೇ ಹರಿದು ಹೋಗುವ ಸಣ್ಣ ಬೆಂಕಿ ಹಾಕುವುದು ಅವರ ರೂಢಿಯಾಗಿತ್ತು. ಅದಕ್ಕೆ ಅವರು ತರಗು ಬೆಂಕಿ ಎನ್ನುತ್ತಾರೆ. 1974ರಲ್ಲಿ ಅಭಯಾರಣ್ಯವಾದ ಮೇಲೆ ಅದು ನಿಂತಿತು. ಆ ಬೆಂಕಿ ಲಂಟಾನದ ಸಸಿಗಳನ್ನು ಸುಡುತ್ತಿತ್ತು, ಹುಲ್ಲಿಗೆ ಜಾಗ ಮಾಡಿಕೊಡುತ್ತಿತ್ತು ಎಂಬುದು ಅವರ ಅನುಭವದ ಮಾತು. ಲಂಟಾನ ಇಷ್ಟು ದಟ್ಟವಾದ ಮೇಲೆ ಹಾಕುವ ಬೆಂಕಿ ಮರದ ನೆತ್ತಿಗೇರಿ ಅನಾಹುತ ಮಾಡುತ್ತದೆ, ಆದ್ದರಿಂದ ಈಗ ಹಳೆಯದನ್ನು ಹಾಗೇ ಮರಳಿ ತರುವುದು ಸುಲಭವಲ್ಲ. ಆದರೆ ಹುಲ್ಲು ಎಲ್ಲಿತ್ತು, ಯಾವಾಗ ಹೋಯಿತು ಎಂದು ಬಲ್ಲವರನ್ನು ಕೇಳದೆ ಈ ಕೆಲಸಕ್ಕೆ ಇಳಿಯುವುದು ತಪ್ಪು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ನಾಗರಹೊಳೆಯ ಹಡ್ಲುಗಳು, ಅಂದರೆ ಕಾಡಿನ ನಡುವಿನ ಜೌಗಿನ ಹುಲ್ಲುಬಯಲುಗಳು, ಯಾಕೆ ಅಷ್ಟು ಅಮೂಲ್ಯ ಎಂಬುದೂ ಈಗ ತಿಳಿಯುತ್ತದೆ. ಕಬಿನಿಯ ಹಿನ್ನೀರು ಬೇಸಿಗೆಯಲ್ಲಿ ಇಳಿದಾಗ ತೇವದ ನೆಲದಲ್ಲಿ ಎಳೆ ಹುಲ್ಲು ಏಳುತ್ತದೆ. ಆನೆಗಳು ಹಿಂಡುಗಟ್ಟಿ ಅಲ್ಲಿಗೆ ಇಳಿಯುತ್ತವೆ, ಕಾಟಿಯೂ ಜಿಂಕೆಯೂ ಬರುತ್ತವೆ. ಹುಲಿಯೂ ಅಲ್ಲೇ ಸುಳಿಯುತ್ತದೆ. ಬಾಯಿಗೆ ಎಟುಕುವ ಎತ್ತರದಲ್ಲಿ, ಜೀರ್ಣವಾಗುವ ರೂಪದಲ್ಲಿ, ಬೇರೆಲ್ಲ ಒಣಗಿದ ಹೊತ್ತಿನಲ್ಲಿ ಸಿಗುವ ಹಸಿರು ಅದು.

ಇನ್ನೊಂದು ಲೆಕ್ಕ. ಮುನ್ನೂರು ಕಿಲೋದ ದನ ದಿನಕ್ಕೆ ಆರು ಕಿಲೋ ಒಣಮೇವಿನಷ್ಟು ತಿನ್ನುತ್ತದೆ, ಅಂದರೆ ಐದು ಜಿಂಕೆಗಳ ಪಾಲು. ಕಾಡಂಚಿನಲ್ಲಿ ವರ್ಷವಿಡೀ ನೂರು ದನ ಮೇದರೆ ಹುಲ್ಲಿನ ಲೆಕ್ಕದಲ್ಲಿ ಒಂದು ಹುಲಿಯ ಹಿಂದಿನ ಐನೂರು ಜಿಂಕೆಗಳ ಮೇವು ಹೋದಂತೆ. ದನ ಸಾಕುವವರನ್ನು ದೂರಲು ಈ ಮಾತು ಹೇಳುತ್ತಿಲ್ಲ. ಊರಿನ ಗೋಮಾಳ ಸೈಟುಗಳಾಗಿ, ಒತ್ತುವರಿಯಾಗಿ ಕರಗಿದ ಮೇಲೆ ದನ ಕಾಡಿಗೆ ಹೋಗದೆ ಎಲ್ಲಿಗೆ ಹೋಗಬೇಕು? ಗೋಮಾಳ ಉಳಿಸುವುದೂ ಹುಲಿ ಉಳಿಸುವ ಕೆಲಸವೇ.

ವಿದ್ಯಾರ್ಥಿಗಳು ಈ ಲೆಕ್ಕವನ್ನು ನಂಬಿ ಸುಮ್ಮನಿರಬಾರದು, ಊರಲ್ಲೇ ಅಳೆದು ನೋಡಬೇಕು. ದನ ಮೇಯುವ ಜಾಗದಲ್ಲಿ ಒಂದು ಚದರ ಮೀಟರಿನಷ್ಟು ನೆಲಕ್ಕೆ ಬಿದಿರಿನ ಗೂಡು ಅಥವಾ ಮುಳ್ಳುಬೇಲಿ ಕಟ್ಟಿ. ತಿಂಗಳಾದ ಮೇಲೆ ಗೂಡಿನೊಳಗಿನ ಹುಲ್ಲನ್ನೂ ಪಕ್ಕದ ಅಷ್ಟೇ ತೆರೆದ ನೆಲದ ಹುಲ್ಲನ್ನೂ ಬುಡಮಟ್ಟ ಕೊಯ್ದು, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ತೂಗಿ. ಒಳಗೆ 120 ಗ್ರಾಂ, ಹೊರಗೆ 30 ಗ್ರಾಂ ಬಂತು ಎಂದುಕೊಳ್ಳಿ. ತಿಂಗಳಲ್ಲಿ 90 ಗ್ರಾಂ ದನಗಳ ಬಾಯಿಗೆ ಹೋಗಿದೆ, ದಿನಕ್ಕೆ ಮೂರು ಗ್ರಾಂ. ದಿನಕ್ಕೆ ಆರು ಕಿಲೋ ಬೇಕಾದ ಒಂದು ದನಕ್ಕೆ ಎರಡು ಸಾವಿರ ಚದರ ಮೀಟರ್, ಅಂದರೆ ಅರ್ಧ ಎಕರೆ ಬೇಕು ಎಂದಾಯಿತು. ಒಂದೇ ಗೂಡನ್ನು ನಂಬಬೇಡಿ, ಒಂದೊಂದು ಕಡೆ ಒಂದೊಂದು ರೀತಿ ಇರುತ್ತದೆ, ನಾಲ್ಕೈದನ್ನಾದರೂ ಇಡಿ. ಪ್ರತಿ ತಿಂಗಳೂ ಗೂಡಿನ ಜಾಗ ಬದಲಿಸಿ, ಯಾಕೆಂದರೆ ಮೇದ ಹುಲ್ಲು ಚಿಗುರುವ ವೇಗವೂ ಮೇಯದೆ ಬಲಿತ ಹುಲ್ಲು ಬೆಳೆಯುವ ವೇಗವೂ ಒಂದೇ ಅಲ್ಲ. ಜೂನ್‌ನಲ್ಲಿ ಶುರು ಮಾಡಿ ಮುಂದಿನ ಮೇ ತಿಂಗಳವರೆಗೆ ಬಿಡದೆ ಮಾಡಿ. ಮಳೆಗಾಲದ ಮೂರು ತಿಂಗಳ ಅಂಕಿಯನ್ನಷ್ಟೇ ಹಿಡಿದು ನಮ್ಮೂರ ಗೋಮಾಳ ಇಷ್ಟು ದನ ಸಾಕಬಲ್ಲದು ಎಂದು ಯಾರಾದರೂ ಹೇಳಿದರೆ, ಏಪ್ರಿಲ್ ತಿಂಗಳ ತೂಕ ಎಷ್ಟು ಎಂದು ಕೇಳಿ.